ನೀಲಿ ತಟ್ಟೆಯೋ, ಗುಲಾಬಿ ತಟ್ಟೆಯೋ?

18ನೇ ಶತಮಾನದ ಚೀನಾದ ರಫ್ತು ಪಿಂಗಾಣಿಯಲ್ಲಿ ಒಂದೇ ತಟ್ಟೆ ಕೊಳ್ಳುವುದಾದರೆ ಯಾವುದು?

ನೀಲಿಯದರಲ್ಲಿ, ಇನ್ನೂ ಸುಡದ ತಟ್ಟೆಯ ಮೇಲೆ ಕೋಬಾಲ್ಟ್‌ನಿಂದ ಬರೆದು, ಗಾಜಿನಂಥ ಲೇಪವಾದ ಗ್ಲೇಜ್ ಹಚ್ಚಿ, ಸುಮಾರು 1300 ಡಿಗ್ರಿಯಲ್ಲಿ ಒಂದೇ ಸಲ ಸುಡುತ್ತಿದ್ದರು. ಗೂಡಿನಲ್ಲಿ ಗಾಳಿ ಕಡಿಮೆಯಿದ್ದರೆ ಗ್ಲೇಜಿನ ಕಬ್ಬಿಣ ತಿಳಿನೀಲಿ ಛಾಯೆ ಕೊಡುತ್ತದೆ, ಜಾಸ್ತಿಯಾದರೆ ಹಳದಿ. ಬಣ್ಣ ಗ್ಲೇಜಿನ ಅಡಿಯಲ್ಲಿರುವುದರಿಂದ ಸವೆಯುವುದಿಲ್ಲ.

ಗುಲಾಬಿ ಬರುವುದು ಚಿನ್ನದ ಅತಿಸಣ್ಣ ಕಣಗಳಿಂದ. ಎನಾಮೆಲ್ ಎಂಬ ಈ ಗಾಜುಬಣ್ಣದಿಂದ ಸುಟ್ಟ ಗ್ಲೇಜಿನ ಮೇಲೆ ಬರೆದು, 800 ಡಿಗ್ರಿ ಆಸುಪಾಸಿನಲ್ಲಿ ಮತ್ತೆ ಸುಡಬೇಕು. ಶತಮಾನದ ಮಧ್ಯದಿಂದ ಈ ಕೆಲಸ ಹೆಚ್ಚಾಗಿ ಬಂದರಿನ ಊರು ಕ್ಯಾಂಟನ್‌ನಲ್ಲೇ ಆಗುತ್ತಿತ್ತು. ಹಾಗಾಗಿ ಯುರೋಪಿನ ಗಿರಾಕಿ ಕೊಟ್ಟ ಮನೆತನದ ಲಾಂಛನ ನೋಡಿಕೊಂಡು ಬರೆಯುವುದು ಸುಲಭವಾಯಿತು. ಬಣ್ಣ ತಿಳಿಸಲು ನಕ್ಷೆಯಲ್ಲಿ ಗೀಚಿದ್ದ ಪದಗಳನ್ನೂ ಕೆಲವರು ತಟ್ಟೆಗೆ ಇಳಿಸಿಬಿಟ್ಟರು!

ಕೊಳ್ಳುವ ಮುನ್ನ ಗುಲಾಬಿ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎನಾಮೆಲ್ ಸವೆದ ಕಡೆ ಮಂಕಾಗಿರುತ್ತದೆ. ನಾನಾದರೆ ಲಾಂಛನದ್ದನ್ನೇ ಕೊಂಡು ಗೋಡೆಗೆ ಹಾಕುವೆ. ಊಟಕ್ಕೆ ಬೇಡ, ಎನಾಮೆಲ್‌ನಲ್ಲಿ ಸೀಸವಿದೆ.