ಬರೆದವರು ಯಾರು? ಟಿಟಿಆರ್, ಎಂಎಟಿಟಿಆರ್, ಯೂಲ್ ಕೆ: ಯಾವುದನ್ನು ನಂಬೋದು?

ಸಿಂಧನೂರಿನ ಕಡೆ ಕಾಲುವೆ ನೀರಿನ ಬಗ್ಗೆ ಹೆಸರಿಲ್ಲದ ಅರ್ಜಿ ಬಂತು ಅಂತಿಟ್ಟುಕೊಳ್ಳಿ. 300 ಪದ, ಇಬ್ಬರ ಮೇಲೆ ಅನುಮಾನ. ಬರಹದಲ್ಲಿ ಪದಗಳು ಎಷ್ಟು ಬಗೆಬಗೆಯಾಗಿವೆ ಅಂತ ಅಳೆಯುವ ಮೂರು ಅಂಕಿಗಳಿಂದ ಬರೆದವರನ್ನು ಹಿಡಿಯಬಹುದೇ ನೋಡೋಣ.

ಟಿಟಿಆರ್, ಅಂದ್ರೆ ಟೈಪ್-ಟೋಕನ್ ಅನುಪಾತ, ಎಲ್ಲಕ್ಕಿಂತ ಸುಲಭ. ಬೇರೆ ಬೇರೆ ಪದಗಳ ಸಂಖ್ಯೆಯನ್ನು ಒಟ್ಟು ಪದಗಳಿಂದ ಭಾಗಿಸಿದರೆ ಆಯಿತು. ಆದರೆ ಬರಹ ಉದ್ದವಾದಂತೆ ಹಳೇ ಪದಗಳೇ ಮರಳಿ ಬರುತ್ತವೆ, ಅಂಕಿ ಇಳಿಯುತ್ತದೆ. ಅರ್ಜಿಯನ್ನು ಅದೇ ಮನುಷ್ಯನ 3000 ಪದಗಳ ಲೇಖನದ ಜೊತೆ ಇಟ್ಟರೂ ಬೇರೆಯವರು ಬರೆದಂತೆ ಕಾಣುತ್ತದೆ. ಕನ್ನಡದಲ್ಲಂತೂ ಇನ್ನೊಂದು ತೊಡಕಿದೆ. "ಹೊಲಕ್ಕೆ ಹೋದೆ, ಹೊಲದಲ್ಲಿ ನೀರಿಲ್ಲ, ಹೊಲದಿಂದ ಬಂದೆ": ಆರು ಪದ, ಆರೂ ಬೇರೆ, ಟಿಟಿಆರ್ 1. ವಿಭಕ್ತಿ ಬಿಡಿಸಿ ಹೊಲವನ್ನು ಒಂದೇ ಪದ ಅಂತ ಎಣಿಸಿ, 4/6, ಅಂದರೆ 0.67. ಬರೆದವರು ಬದಲಾಗಲಿಲ್ಲ, ಎಣಿಸುವ ರೀತಿ ಬದಲಾಯಿತು ಅಷ್ಟೇ.

ಉದ್ದದ ತೊಂದರೆಗೆ ಎಂಎಟಿಟಿಆರ್, ಅಂದ್ರೆ ಚಲಿಸುವ ಸರಾಸರಿಯ ಟಿಟಿಆರ್, ವಾಸಿ. ಉದಾಹರಣೆಗೆ 100 ಪದಗಳ ಕಿಟಕಿಯನ್ನು ಒಂದೊಂದೇ ಪದ ಸರಿಸುತ್ತಾ, ಪ್ರತಿ ಕಿಟಕಿಯ ಟಿಟಿಆರ್ ಲೆಕ್ಕ ಹಾಕಿ ಸರಾಸರಿ ತೆಗೆಯುತ್ತದೆ. ಸಂಖ್ಯಾಶಾಸ್ತ್ರಜ್ಞ ಯೂಲ್ 1944ರಲ್ಲಿ ಕೊಟ್ಟ ಕೆ ಎಂಬ ಅಳತೆ, ಪದಗಳು ಎಷ್ಟು ಮರುಕಳಿಸುತ್ತವೆ ಅಂತ ನೋಡುತ್ತದೆ, ಉದ್ದಕ್ಕೆ ಅಷ್ಟಾಗಿ ಅಲುಗುವುದಿಲ್ಲ. ಎರಡರಲ್ಲಿ ನಾನು ಎಂಎಟಿಟಿಆರ್ ಆರಿಸುತ್ತೇನೆ, ಆದರೆ ಬರಹಗಳ ಶೈಲಿ ಹೋಲಿಸಲು ಮಾತ್ರ, ಬರೆದವರನ್ನು ಹಿಡಿಯಲು ಅಲ್ಲ. ಯಾಕಂದ್ರೆ ಒಬ್ಬರೇ ಅರ್ಜಿ ಬರೆದಾಗ ಒಂದು ಅಂಕಿ, ಮದುವೆ ಕರೆಯೋಲೆ ಬರೆದಾಗ ಇನ್ನೊಂದು. ಇಬ್ಬರು ಅಪರಿಚಿತರಿಗೆ ಒಂದೇ ಅಂಕಿ ಬರುವುದೂ ಸಹಜ.

ಹೆಸರು ಹೇಳಲೇಬೇಕಾದರೆ ಚಿಕ್ಕ ಪದಗಳನ್ನು ಎಣಿಸಿ: ಮತ್ತು, ಹಾಗೂ, ಎಂದು, ಅಂತ. ಇವು ವಿಷಯದ ಜೊತೆ ಅಷ್ಟು ಬದಲಾಗುವುದಿಲ್ಲ. ಆದರೆ 300 ಪದ ಅದಕ್ಕೂ ಸಾಲದು.