ಶಾಂತವ್ವನಿಗೆ ಒಂದು, ಶಂಕ್ರವ್ವನಿಗೆ ಎರಡು: ಬಲ್ಕ್ ಎಸ್‌ಎಂಎಸ್ ಸೇವೆಯ ಎರಡು ವರ್ಷದ ಬಳಕೆ

ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ನಾವು ಹೆಚ್ಚಾಗಿ ಆರ್ಡರ್ ಮೇಲೆ ನೇಯಿಸುತ್ತೇವೆ. ಬಂದವರು ಒಡಲಿನ ಬಣ್ಣ ಹೇಳುತ್ತಾರೆ, ದಡಿ ಆರಿಸುತ್ತಾರೆ, ಮುಂಗಡ ಕೊಟ್ಟು ಹೋಗುತ್ತಾರೆ. ನೇಕಾರರ ಮನೆಯಿಂದ ಸೀರೆ ಬಂದ ದಿನ ಅವರಿಗೆ ತಿಳಿಸಬೇಕು. ಮೊದಲು ಫೋನ್ ಮಾಡುತ್ತಿದ್ದೆವು. ಹೊಲದಲ್ಲಿ ಇದ್ದವರು ಎತ್ತುತ್ತಿರಲಿಲ್ಲ. ವಾಟ್ಸಾಪ್ ಹಾಕೋಣ ಅಂದರೆ ನಮ್ಮ ಹಿರಿಯ ಗಿರಾಕಿಗಳ ಹತ್ತಿರ ಇರುವುದು ಬಟನ್ ಫೋನ್. ಹಾಗಾಗಿ ಎರಡು ವರ್ಷದ ಹಿಂದೆ ಒಂದು ಬಲ್ಕ್ ಎಸ್‌ಎಂಎಸ್ ಸೇವೆ ತೆಗೆದುಕೊಂಡೆ. ಕಂಪನಿಯ ಹೆಸರು ಬೇಡ. ನನ್ನ ದೂರು ಅವರ ತೆರೆಯ ಮೇಲಿನ ಒಂದು ಅಂಕಿಯ ಬಗ್ಗೆ.

ಸಂಜೆ ಐದರ ಚಹಾ ಆದ ಮೇಲೆ ನನಗೆ ಇದೇ ಕೆಲಸ. ಅವ್ವ ಅಂದು ಬಂದ ಸೀರೆಗಳನ್ನು ಒಂದೊಂದೇ ಬಿಚ್ಚಿ ಸೆರಗು ನೋಡಿ ಮತ್ತೆ ಮಡಚುತ್ತಾಳೆ. ಚೀಟಿ ಓದಿ ಹೆಸರು ಹೇಳುತ್ತಾಳೆ. ನಾನು ಎಕ್ಸೆಲ್ ಹಾಳೆಯಲ್ಲಿ ಹೆಸರು, ನಂಬರ್, ಬಾಕಿ ತುಂಬುತ್ತೇನೆ. ಹಾಳೆ ಏರಿಸಿ ಕಳಿಸು ಒತ್ತಿದರೆ ಐದು ನಿಮಿಷದಲ್ಲಿ ಎಲ್ಲರಿಗೂ ಮುಟ್ಟಿರುತ್ತದೆ. ಯಾರಿಗೆ ಮುಟ್ಟಿತು, ಯಾರ ಫೋನ್ ಬಂದ್ ಇತ್ತು ಅನ್ನುವ ವರದಿಯೂ ಸಿಗುತ್ತದೆ. ಇದರಲ್ಲಿ ಅವರಿಗೆ ಪೂರ್ತಿ ಅಂಕ.

ಸಮಸ್ಯೆ ಶುರುವಾದದ್ದು ಮೊದಲ ದೀಪಾವಳಿಗೆ. ನಮ್ಮ ದರ ಒಂದು ಎಸ್‌ಎಂಎಸ್‌ಗೆ 20 ಪೈಸೆ, ತೆರಿಗೆ ಬೇರೆ. ಹಬ್ಬದ ಆಸುಪಾಸಿನ ಎರಡು ತಿಂಗಳಲ್ಲಿ 900 ಸಂದೇಶ ಕಳಿಸಿದ್ದೆ. ಖಾತೆಯಿಂದ ಕಡಿತವಾದದ್ದು 1,310. ಹೆಚ್ಚುವರಿ 410ಕ್ಕೆ 82 ರೂಪಾಯಿ. ಮೊತ್ತ ಸಣ್ಣದು, ಒಪ್ಪುತ್ತೇನೆ. ಆದರೆ ನೇಕಾರರ ಕೂಲಿಯನ್ನು ಪೈಸೆ ತಪ್ಪದೆ ಬರೆಯುವ ಮನೆ ನಮ್ಮದು. ತಾಳೆಯಾಗದ ಲೆಕ್ಕ ಇಟ್ಟುಕೊಂಡು ನನಗೆ ನಿದ್ದೆ ಬರಲಿಲ್ಲ. ಕಳಿಸುವ ಮುಂಚೆ ತೆರೆ ಪ್ರತಿಸಲ ‘1 ಎಸ್‌ಎಂಎಸ್’ ಅಂತಲೇ ತೋರಿಸಿತ್ತು.

ಆಗ ಕಳಿಸುತ್ತಿದ್ದ ಸಂದೇಶ ಇದು. ಕೊನೆಯ ಪದದ ಜಾಗದಲ್ಲಿ ನಮ್ಮ ಅಂಗಡಿಯ ಹೆಸರು ಇರುತ್ತದೆ. ಇಲ್ಲಿ ಅಷ್ಟೇ ಉದ್ದದ ಊರ ಹೆಸರು ಹಾಕಿದ್ದೇನೆ.

```
ಶಾಂತವ್ವ ಅವರೇ, ನಿಮ್ಮ ಸೀರೆ ಸಿದ್ಧವಾಗಿದೆ. ಬಾಕಿ ₹1250. ಅಂಗಡಿಗೆ ಬನ್ನಿ. ಇಳಕಲ್
```

ಚಿಕ್ಕದಾಗಿಯೇ ಇದೆ ಅಲ್ವಾ? ಇದು ಒಂದೇ ಎಸ್‌ಎಂಎಸ್. ಶಾಂತವ್ವ ಇದ್ದಲ್ಲಿ ಶಂಕ್ರವ್ವ ಅಂತ ಹಾಕಿ, ಬೇರೆ ಏನೂ ಬದಲಿಸಬೇಡಿ. ಎರಡು ಎಸ್‌ಎಂಎಸ್ ಆಗುತ್ತದೆ. ವರದಿಯನ್ನು ಸಾಲು ಸಾಲಾಗಿ ಹಾಳೆಯ ಜೊತೆ ಹೋಲಿಸಿದಾಗ ನನಗೆ ಕಂಡದ್ದು ಇದು. ಎರಡು ಸಲ ಕಡಿತವಾದವರೆಲ್ಲ ಉದ್ದ ಹೆಸರಿನವರು.

ಕಾರಣ ಹೀಗಿದೆ. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 140 ಬೈಟ್, ಅಂದರೆ 1,120 ಬಿಟ್. ಎಸ್‌ಎಂಎಸ್‌ಗೆ ಒಂದು ಮೂಲ ಅಕ್ಷರಪಟ್ಟಿ ಇದೆ. ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಯುರೋಪಿನ ಕೆಲವು ಭಾಷೆಗಳ ಅಕ್ಷರಗಳಿವೆ. ಅದರ ಪ್ರತಿ ಅಕ್ಷರಕ್ಕೆ 7 ಬಿಟ್ ಸಾಕು. 1,120ನ್ನು 7ರಿಂದ ಭಾಗಿಸಿದರೆ 160. ಎಲ್ಲರಿಗೂ ಗೊತ್ತಿರುವ ಆ 160 ಬಂದದ್ದು ಇಲ್ಲಿಂದ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಕನ್ನಡ ಬಂದರೆ ಯುಸಿಎಸ್-2 ಎಂಬ ಬೇರೆ ವಿಧಾನಕ್ಕೆ ಹೋಗಬೇಕು. ಅದರಲ್ಲಿ ಪ್ರತಿಯೊಂದಕ್ಕೂ 16 ಬಿಟ್. 1,120ನ್ನು 16ರಿಂದ ಭಾಗಿಸಿದರೆ 70. ಇಡೀ ಸಂದೇಶದಲ್ಲಿ ಕನ್ನಡದ ಒಂದೇ ಅಕ್ಷರ ಇದ್ದರೂ ಸಾಕು, ಅದರ ಜೊತೆಗಿರುವ ಇಂಗ್ಲಿಷ್ ಅಕ್ಷರ, ಅಂಕಿ, ಖಾಲಿ ಜಾಗ ಎಲ್ಲಕ್ಕೂ 16 ಬಿಟ್ ಬೀಳುತ್ತದೆ.

ಅರ್ಧಕ್ಕಿಂತ ಕಡಿಮೆ ಜಾಗ ಸಿಕ್ಕಿತು. ಅದರ ಮೇಲೆ ಎಣಿಕೆಯೂ ನಾವು ಕಲಿತ ಹಾಗೆ ಇಲ್ಲ. ಶಾಲೆಯಲ್ಲಿ ಶಾಂತವ್ವ ಅಂದರೆ ಮೂರಕ್ಷರ: ಶಾಂ, ತ, ವ್ವ. ಫೋನ್ ಎಣಿಸುವುದು ಏಳು. ಶ, ಅದರ ದೀರ್ಘ, ಸೊನ್ನೆ, ತ, ವ, ಅರ್ಧಾಕ್ಷರ ಮಾಡುವ ಗುರುತು, ಮತ್ತೆ ವ. ಒತ್ತಕ್ಷರ ಬಂದ ಕಡೆಯೆಲ್ಲ ಆ ಗುರುತೂ ಒಂದು ಲೆಕ್ಕ. ಶಂಕ್ರವ್ವ ಎಂಬುದೂ ಮೂರೇ ಅಕ್ಷರ, ಆದರೆ ಒತ್ತು ಎರಡು ಕಡೆ ಇದೆ. ಅದು ಎಂಟು. ಮಲ್ಲಿಕಾರ್ಜುನ ಕಣ್ಣಿಗೆ ಐದಕ್ಷರ, ಫೋನಿಗೆ ಹನ್ನೆರಡು. ನಮ್ಮ ಕಡೆ ಹೆಸರುಗಳಲ್ಲಿ ‘ವ್ವ’, ‘ಪ್ಪ’, ‘ಮ್ಮ’ ಎಷ್ಟು ಬರುತ್ತವೆ ನೋಡಿ. ಪ್ರತಿಯೊಂದೂ ಮೂರು.

ಈ ಸಂದೇಶದಲ್ಲಿ ಹೆಸರು ಬಿಟ್ಟು ಉಳಿದದ್ದು 63. ಶಾಂತವ್ವ ಸೇರಿದರೆ ಸರಿಯಾಗಿ 70. ಶಂಕ್ರವ್ವ ಸೇರಿದರೆ 71.

ಒಂದು ಜಾಸ್ತಿ ಆದದ್ದಕ್ಕೆ ಆ ಒಂದೇ ಮುಂದಿನ ಭಾಗಕ್ಕೆ ಹೋಗುವುದಿಲ್ಲ. ಎರಡು ಭಾಗಗಳು ಫೋನಿನಲ್ಲಿ ಮತ್ತೆ ಒಂದಾಗಬೇಕಲ್ಲ, ಅದಕ್ಕೆ ಪ್ರತಿ ಭಾಗದ ತಲೆಗೆ 6 ಬೈಟ್‌ನ ಚೀಟಿ ಅಂಟಿಸುತ್ತಾರೆ. ಇದು ಯಾವ ಸಂದೇಶ, ಒಟ್ಟು ಎಷ್ಟು ಭಾಗ, ಇದು ಎಷ್ಟನೆಯದು ಅಂತ ಅದರಲ್ಲಿ ಇರುತ್ತದೆ. ಇಳಕಲ್ ಸೀರೆ ಬಲ್ಲವರಿಗೆ ಇದು ಕೊಂಡಿ ಇದ್ದ ಹಾಗೆ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕುಣಿಕೆ ಹಾಕಿ ಸೇರಿಸುತ್ತೇವೆ. ಕುಣಿಕೆಗೆ ಎರಡೂ ಕಡೆಯ ನೂಲು ಖರ್ಚಾಗುತ್ತದೆ. ಇಲ್ಲಿಯೂ ಎರಡೂ ಭಾಗದಲ್ಲಿ ಜಾಗ ಖರ್ಚಾಗುತ್ತದೆ. 140ರಲ್ಲಿ 6 ಕಳೆದರೆ 134 ಬೈಟ್, ಅಂದರೆ 67 ಕನ್ನಡ ಗುರುತು. ಶಂಕ್ರವ್ವನ 71ರಲ್ಲಿ ಮೊದಲ ಭಾಗಕ್ಕೆ 67 ಹೋದವು. ಎರಡನೆಯದರಲ್ಲಿ ಉಳಿದದ್ದು ನಾಲ್ಕು: ‘ಳಕಲ್’. ಇಳಕಲ್ಲಿನ ‘ಇ’ ಒಂದು ಎಸ್‌ಎಂಎಸ್‌ನಲ್ಲಿ, ‘ಳಕಲ್’ ಇನ್ನೊಂದರಲ್ಲಿ. ಓದುವವರಿಗೆ ಒಂದೇ ಆಗಿ ಕಾಣುತ್ತದೆ. ನಮಗೆ ಇನ್ನೂ 20 ಪೈಸೆ.

ಇಷ್ಟು ತಿಳಿದ ಮೇಲೆ ಸೇವೆಯವರಿಗೆ ಫೋನ್ ಮಾಡಿದೆ. ಆ ಹುಡುಗ ಸಮಾಧಾನದಿಂದ ಕೇಳಿದ. ತೆರೆಯ ಮೇಲಿನ ಲೆಕ್ಕ ಹಾಳೆಯ ಮೊದಲ ಸಾಲಿನದು ಮಾತ್ರ ಅಂತ ಒಪ್ಪಿಕೊಂಡ. ನಮ್ಮ ಹಾಳೆಯ ಮೊದಲ ಸಾಲಿನಲ್ಲಿ ಆ ದಿನ ಇದ್ದದ್ದು ಗಂಗವ್ವ. 69. ಹಾಗಾಗಿ ತೆರೆ ‘1’ ಅಂದಿತ್ತು. ನನ್ನ ಸಿಟ್ಟು ಇದರ ಮೇಲೆ. ಕನ್ನಡಕ್ಕೆ 16 ಬಿಟ್ ಬೇಕಾಗುವುದು ಅವರ ತಪ್ಪಲ್ಲ. ಸಾಲುವಾರು ಎಣಿಸಿ ತೋರಿಸದೆ ಇರುವುದು ಅವರ ತಪ್ಪೇ. ಇವತ್ತಿಗೂ ಅದನ್ನು ಸರಿ ಮಾಡಿಲ್ಲ.

ಈಗ ನಾನೇ ಎಕ್ಸೆಲ್‌ನಲ್ಲಿ ಎಣಿಸುತ್ತೇನೆ. ಪೂರ್ತಿ ಸಂದೇಶ D ಕಾಲಮ್ಮಿನಲ್ಲಿ ಇದ್ದರೆ ಪಕ್ಕದಲ್ಲಿ ಇದನ್ನು ಹಾಕಿ:

```
=IF(LEN(D2)<=70,1,ROUNDUP(LEN(D2)/67,0))
```

ಎಕ್ಸೆಲ್‌ನ LEN ಒತ್ತು, ಗುಣಿತ, ಸೊನ್ನೆ ಎಲ್ಲವನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತದೆ. ನಮಗೆ ಬೇಕಾದದ್ದೂ ಅದೇ ಲೆಕ್ಕ. ಈ ಸೂತ್ರ ಕನ್ನಡ ಸಂದೇಶಕ್ಕೆ ಮಾತ್ರ. ಇದನ್ನು ಹಾಕಿದ ಮೊದಲ ವಾರವೇ ಒಬ್ಬ ಶಾಂತವ್ವನಿಗೆ 71 ಬಂತು. ಹೆಸರು ಅದೇ, ಬಾಕಿಯೂ ನಾಲ್ಕಂಕಿ. ತುಂಬ ಹೊತ್ತು ಹುಡುಕಿದೆ. ಹೆಸರಿನ ಮುಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಇತ್ತು. ಟೈಪ್ ಮಾಡುವಾಗ ಬಿದ್ದದ್ದು. ಈಗ ಹೆಸರಿನ ಕಾಲಮ್ಮಿಗೆ TRIM ಹಾಕಿಯೇ ಮುಂದೆ ಹೋಗುತ್ತೇನೆ.

ಸಂದೇಶವನ್ನು ಮೊಟಕು ಮಾಡಲು ಕೂತಾಗ ಮೊದಲು ಕಣ್ಣಿಗೆ ಬಿದ್ದದ್ದು ‘ಅವರೇ’. ಅದನ್ನು ತೆಗೆದರೆ ಅದರ ಹಿಂದಿನ ಖಾಲಿ ಜಾಗ ಸೇರಿ ಐದು ಉಳಿಯುತ್ತದೆ. ಅವ್ವ ಒಪ್ಪಲಿಲ್ಲ. “ಹಿರ್ಯಾರನ್ನ ಬರೇ ಹೆಸರ ಹಿಡಿದು ಕರೀತಿ ಏನು?” ಅಂದಳು. ಅವಳು ಹೇಳಿದ್ದು ಸರಿ. ‘ಅವರೇ’ ಉಳಿಯಿತು. ‘ಸಿದ್ಧವಾಗಿದೆ’ ಹೋಗಿ ‘ಬಂದಿದೆ’ ಬಂತು. ಮೊದಲನೆಯದು ಹನ್ನೊಂದು, ಎರಡನೆಯದು ಆರು. ಅಲ್ಲಿಯೇ ಐದು ಉಳಿಯಿತು. ಈಗ ಹೆಸರು ಬಿಟ್ಟು 58. ಮಲ್ಲಿಕಾರ್ಜುನ ಸೇರಿದರೂ ಸರಿಯಾಗಿ 70. ಮಾತೂ ಮೊದಲಿಗಿಂತ ಸಹಜವಾಯಿತು. ಅಂಗಡಿಯಲ್ಲಿ ನಾವು ಬಾಯಿಂದ ಹೇಳುವುದೂ ‘ನಿಮ್ಮ ಸೀರಿ ಬಂದೈತ್ರಿ’ ಅಂತಲೇ. ಒಂದು ಪದ ಬದಲಿಸಲು, ಬಲ್ಕ್ ಸಂದೇಶಗಳ ಮಾದರಿಯನ್ನು ಮೊದಲೇ ನೋಂದಾಯಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಹೊಸ ಟೆಂಪ್ಲೇಟ್ ಹಾಕಿ ಒಪ್ಪಿಗೆಗೆ ಕಾಯಬೇಕಾಯಿತು. ನೋಂದಾಯಿಸಿದ ಸಂದೇಶಕ್ಕಿಂತ ಸ್ವಲ್ಪ ಬೇರೆಯಾದರೂ ದಾರಿಯಲ್ಲೇ ತಡೆಯುತ್ತಾರೆ. ಹೆಸರು, ಬಾಕಿ ಬರುವ ಜಾಗವನ್ನು ಮಾತ್ರ ಬದಲಾಗುವ ಭಾಗ ಅಂತ ಗುರುತಿಸಿ ತೆರೆದು ಇಡಬಹುದು.

ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದರೆ ಆಗದೇ ಅಂತ ಗೆಳೆಯರು ಕೇಳಿದರು. ಒಂದು ತಿಂಗಳು ಮಾಡಿ ನೋಡಿದೆ.

```
Shantavva avare, nimma seere siddhavagide. Baki Rs.1250. Angadige banni. Ilkal
```

ಇದು 78 ಅಕ್ಷರ. ಕನ್ನಡದ 70ಕ್ಕಿಂತ ಜಾಸ್ತಿ, ಆದರೂ 160ರ ಅರ್ಧವೂ ತುಂಬಲಿಲ್ಲ. ಒಂದೇ ಎಸ್‌ಎಂಎಸ್. ಇಲ್ಲಿ ಒಂದು ಎಚ್ಚರಿಕೆ. `Rs.` ತೆಗೆದು ₹ ಹಾಕಿದರೆ 76 ಆಗುತ್ತದೆ, ಆದರೆ ಎಸ್‌ಎಂಎಸ್ ಎರಡಾಗುತ್ತದೆ. ₹ ಚಿಹ್ನೆಯೂ ಆ ಮೂಲ ಪಟ್ಟಿಯಲ್ಲಿ ಇಲ್ಲ. ಅದೊಂದಕ್ಕಾಗಿ ಇಡೀ ಸಂದೇಶ 16 ಬಿಟ್‌ಗೆ ಹೋಗುತ್ತದೆ, ಮಿತಿ 70ಕ್ಕೆ ಇಳಿಯುತ್ತದೆ. ಕನ್ನಡ ಸಂದೇಶದಲ್ಲಿ ಇದು ಉಲ್ಟಾ. ಅಲ್ಲಿ ₹ ಒಂದು ಲೆಕ್ಕ, ‘ರೂ’ ಎರಡು.

ಆ ತಿಂಗಳು ದುಡ್ಡು ಉಳಿಯಿತು, ಫೋನ್ ಕರೆ ಹೆಚ್ಚಾಯಿತು. ಹುನಗುಂದ ಕಡೆಯ ಒಬ್ಬ ಹಿರಿಯರು ಕೇಳಿದ್ದು ಇನ್ನೂ ಕಿವಿಯಲ್ಲಿದೆ. “ಸಾವಕಾರ್ರ, ಇಂಗ್ಲೀಷ್ ಮೆಸೇಜ್ ಬಂದೈತಿ, ನಂಗ ಓದಾಕ ಬರೂದಿಲ್ಲ. ಸೀರಿ ಆಗೈತೇನ್ರಿ?” ಅವರು ಕನ್ನಡ ಚೆನ್ನಾಗಿ ಓದುತ್ತಾರೆ. ಮುಂದಿನ ತಿಂಗಳೇ ಕನ್ನಡಕ್ಕೆ ಮರಳಿದೆ. ಎರಡು ಭಾಗ ಆದರೆ ಆಗಲಿ, ಅವರು ತಾವೇ ಓದಿಕೊಳ್ಳಬೇಕು.

ಕನ್ನಡಕ್ಕೂ 7 ಬಿಟ್‌ನ ಪಟ್ಟಿ ಇದೆ ಎಂದು ಆಮೇಲೆ ತಿಳಿಯಿತು. ಮೊಬೈಲ್ ಜಾಲದ 3ಜಿಪಿಪಿ ಮಾನದಂಡದಲ್ಲೇ ಅದು ಸೇರಿದೆ. ಅದನ್ನು ಬಳಸಿದರೆ ಒಂದು ಎಸ್‌ಎಂಎಸ್‌ನಲ್ಲಿ 150ರ ಆಸುಪಾಸು ಹಿಡಿಸುತ್ತದೆ. ಆದರೆ ಕಳಿಸುವವರ ವ್ಯವಸ್ಥೆಗೂ ಓದುವವರ ಫೋನಿಗೂ ಆ ಪಟ್ಟಿ ಗೊತ್ತಿರಬೇಕು. ಗೊತ್ತಿಲ್ಲದ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರ ಬರುತ್ತದೆ. ನಮ್ಮ ಸೇವೆಯಲ್ಲಿ ಆ ಆಯ್ಕೆಯೇ ಇಲ್ಲ. ಕೊಟ್ಟರೂ ಬಟನ್ ಫೋನಿನ ಗಿರಾಕಿಗಳಿಗೆ ಅದನ್ನು ಕಳಿಸಲು ನನಗೆ ಧೈರ್ಯ ಸಾಲದು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮೂರನೇ ವರ್ಷಕ್ಕೂ ಇವರಿಗೇ ಹಣ ಕಟ್ಟಿದ್ದೇನೆ. ದಿನಕ್ಕೆ ಹತ್ತಿಪ್ಪತ್ತು ಸಂದೇಶ ಕಳಿಸುವ ಅಂಗಡಿಗೆ ಇದು ಸಾಕು. ಸಾವಿರಗಟ್ಟಲೆ ಕನ್ನಡ ಸಂದೇಶ ಕಳಿಸುವ ಸೊಸೈಟಿಯವರು ಮಾತ್ರ ಸಾಲುವಾರು ಲೆಕ್ಕ ತೋರಿಸುವ ಬೇರೆ ಸೇವೆ ಹುಡುಕುವುದು ಒಳ್ಳೆಯದು.

ಮೊನ್ನೆ ಶುದ್ಧ ರೇಷ್ಮೆ ಸೀರೆಯ ಆರ್ಡರ್ ಒಂದು ಬಂತು. ಹೆಸರು ಮಲ್ಲಿಕಾರ್ಜುನ, ಬಾಕಿ ₹12500. ಒಂದು ಅಂಕಿ ಜಾಸ್ತಿ, 71. ‘ಬನ್ನಿ’ ಮುಂದಿನ ಚುಕ್ಕೆ ತೆಗೆದು ಹೊಸ ಟೆಂಪ್ಲೇಟ್ ಹಾಕಿದ್ದೇನೆ. ಒಪ್ಪಿಗೆ ಇನ್ನೂ ಬಂದಿಲ್ಲ. ಸೀರೆ ಮಗ್ಗದಿಂದ ಇಳಿಯಲು ಇನ್ನೂ ಎಂಟು ದಿನ ಇದೆ.