ಎಲೆಚುಕ್ಕಿಯ ಫೋಟೋ ಮೇಲೆ ಮೂರು ಬಗೆಯ ಕೋಡ್

ತೀರ್ಥಹಳ್ಳಿ ಕಡೆ ನಮ್ಮ ಭಾವನ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿತ್ತು. ಅಡಿಕೆ ಸೋಗೆಯ ಫೋಟೋಗಳಲ್ಲಿ ರೋಗ ಎಷ್ಟು ಹರಡಿದೆ ಎಂದು ಅಳೆಯಲು ಲ್ಯಾಪ್‌ಟಾಪಿನ ಎನ್‌ವಿಡಿಯಾ ಜಿಪಿಯುಗೆ ಕೋಡ್ ಬರೆದೆ. ಹಸಿರು ಪಿಕ್ಸೆಲ್ ಆದರೆ ಬಿಟ್ಟುಬಿಡುವುದು. ಕಂದು ಚುಕ್ಕಿಯಾದರೆ ಸುತ್ತಲಿನ 15×15 ಚೌಕದ 225 ಪಿಕ್ಸೆಲ್‌ಗಳನ್ನೂ ನೋಡುವುದು, ಆ ಲೆಕ್ಕಕ್ಕೆ ಕೋಡಿನಲ್ಲಿ `nere` ಎಂದು ಹೆಸರಿಟ್ಟೆ.

ಮೊದಲು ಬರೆದದ್ದು ನೇರವಾದ `if`:

```
if (chukki[i]) out[i] = nere(i);
```

ಚುಕ್ಕಿ ಇದ್ದದ್ದು ಹತ್ತರಲ್ಲಿ ಒಂದು ಪಿಕ್ಸೆಲ್‌ಗೆ. ಆದ್ದರಿಂದ ಕೆಲಸವೂ ಹತ್ತರಲ್ಲಿ ಒಂದು ಪಾಲಾಗುತ್ತದೆ ಎಂದುಕೊಂಡಿದ್ದೆ. ಎರಡನೆಯ ಬಗೆಯಲ್ಲಿ `if` ತೆಗೆದು ಎಲ್ಲ ಪಿಕ್ಸೆಲ್‌ಗೂ `nere` ಲೆಕ್ಕ ಹಾಕಿ, ಬೇಡದ್ದನ್ನು ಸೊನ್ನೆಯಿಂದ ಗುಣಿಸಿದೆ. 12 ಮೆಗಾಪಿಕ್ಸೆಲ್ ಫೋಟೋಗೆ ಅದು 8.1 ಮಿಲಿಸೆಕೆಂಡ್ ತೆಗೆದುಕೊಂಡರೆ, `if` ಇದ್ದದ್ದು 7.4. ಉಳಿತಾಯ ಇಲ್ಲವೆಂದೇ ಹೇಳಬೇಕು.

ಕಾರಣ ವಾರ್ಪ್. ಪಿಕ್ಸೆಲ್‌ಗೆ ಒಂದರಂತೆ 32 ಥ್ರೆಡ್‌ಗಳು ಒಂದು ಗುಂಪಾಗಿ, ನಟ್ಟಿ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಹಿಂದೆ ಸರಿಯುವಂತೆ, ಒಂದೇ ಆಜ್ಞೆಯ ಮೇಲೆ ನಡೆಯುತ್ತವೆ. 32ರಲ್ಲಿ ಒಂದಕ್ಕೆ ಚುಕ್ಕಿ ಸಿಕ್ಕಿದರೂ ಉಳಿದ 31 ಅದು ಮುಗಿಸುವ ತನಕ ಸುಮ್ಮನೆ ನಿಲ್ಲಬೇಕು. ರೋಗ ಎಳೆಯದಾಗಿದ್ದಾಗ ಚುಕ್ಕಿಗಳು ಸಾಸಿವೆ ಚೆಲ್ಲಿದಂತೆ ಇರುತ್ತವೆ. ಪೂರ್ತಿ ಚದುರಿವೆ ಎಂದುಕೊಂಡರೆ, ಒಂದು ವಾರ್ಪಿಗೆ ಚುಕ್ಕಿಯೇ ಸಿಗದಿರುವ ಸಾಧ್ಯತೆ 0.9ರ 32ನೇ ಘಾತ, ಅಂದರೆ ಶೇ. 3.4 ಮಾತ್ರ. ಉಳಿದ ಶೇ. 96ಕ್ಕೂ ಹೆಚ್ಚು ವಾರ್ಪ್‌ಗಳು ಪೂರ್ತಿ ಬೆಲೆ ತೆರುತ್ತವೆ. ಎನ್‌ವಿಡಿಯಾದ ಅಳತೆ ಸಾಧನ ಎನ್‌ಸೈಟ್ ಕಂಪ್ಯೂಟ್‌ನಲ್ಲಿ `Avg. Active Threads Per Warp` ನೋಡಿದೆ. 32ರ ಹತ್ತಿರ ಇರಬೇಕಾದದ್ದು 4ರ ಆಸುಪಾಸಿನಲ್ಲಿತ್ತು.

ನನಗೆ ಒಪ್ಪಿಗೆಯಾದದ್ದು ಮೂರನೆಯದು. ಇದರಲ್ಲಿ ಎರಡು ಕರ್ನಲ್, ಅಂದರೆ ಜಿಪಿಯು ಮೇಲೆ ಓಡುವ ಎರಡು ಫಂಕ್ಷನ್. ಮೊದಲ ಕರ್ನಲ್ ಚುಕ್ಕಿ ಪಿಕ್ಸೆಲ್‌ಗಳ ಪಟ್ಟಿ ಮಾಡುತ್ತದೆ, ಅಷ್ಟೇ:

```
if (chukki[i]) patti[atomicAdd(n, 1)] = i;
```

ಇಲ್ಲೂ `if` ಇದೆ, ಆದರೆ ಅದರೊಳಗಿನ ಕೆಲಸ ಚಿಕ್ಕದು. ಎರಡನೆಯ ಕರ್ನಲ್ ಪಟ್ಟಿಯ ಮೇಲೆ ಮಾತ್ರ ಓಡುವುದರಿಂದ ವಾರ್ಪಿನ 32 ಥ್ರೆಡ್‌ಗಳಿಗೂ ಕೆಲಸವಿರುತ್ತದೆ. ಎರಡೂ ಸೇರಿ 1.7 ಮಿಲಿಸೆಕೆಂಡ್. ತೊಡಕೂ ಇದೆ: ಪಟ್ಟಿಯಲ್ಲಿ ಅಕ್ಕಪಕ್ಕ ಇರುವ ಪಿಕ್ಸೆಲ್‌ಗಳು ಚಿತ್ರದಲ್ಲಿ ದೂರ ಇರಬಹುದು, ಆಗ ಮೆಮೊರಿ ಓದುವುದು ನಿಧಾನ. `nere` ಹಗುರವಾಗಿದ್ದರೆ ಪಟ್ಟಿ ಮಾಡುವ ಖರ್ಚೇ ಲಾಭವನ್ನು ತಿಂದುಹಾಕುತ್ತದೆ.

ಆಮೇಲೆ ರೋಗ ಬಲಿತ ಸೋಗೆಯ ಫೋಟೋ ಹಾಕಿ ನೋಡಿದೆ. ಚುಕ್ಕಿಗಳು ಕೂಡಿ ಒಂದೇ ದೊಡ್ಡ ಕಲೆಯಾಗಿದ್ದವು, ಪಾಲು ಅದೇ ಹತ್ತರಲ್ಲಿ ಒಂದು. ಈ ಸಲ ನೇರವಾದ `if` 1.2 ಮಿಲಿಸೆಕೆಂಡಿನಲ್ಲಿ ಮುಗಿಸಿತು, ಪಟ್ಟಿಗೆ 1.5 ಬೇಕಾಯಿತು. ಕಲೆಯ ಅಂಚಿನ ವಾರ್ಪ್‌ಗಳು ಮಾತ್ರ ಒಡೆದಿದ್ದವು. ಒಳಗಿನವು ಪೂರ್ತಿ ದುಡಿದವು, ಹೊರಗಿನವು ಪೂರ್ತಿ ಬಿಟ್ಟುಹೋದವು. ಹಾಗಾಗಿ ಈಗ ಎಳೆ ರೋಗದ ಫೋಟೋಗಳಿಗೆ ಪಟ್ಟಿ, ಬಲಿತದ್ದಕ್ಕೆ ನೇರ `if` ಬಳಸುತ್ತಿದ್ದೇನೆ. ಗುಣಿಸುವ ಕೋಡನ್ನು ಅಳಿಸಿದೆ.